ಮ್ಯಾಟ್ ಕೊಳ್ಳುವ ಮುನ್ನ ಮಗುಚಿ ನೋಡಿ

ಅಂಗಡಿಯಲ್ಲಿ ನಾವೆಲ್ಲ ಮ್ಯಾಟಿನ ಮೇಲೆ ಕೈಯಾಡಿಸಿ ಮೆತ್ತಗಿದೆಯೇ ಎಂದು ನೋಡುತ್ತೇವೆ. ಜಾರುವುದು, ಬಿಡುವುದು ನಿರ್ಧಾರವಾಗುವುದು ಅದರ ಬೆನ್ನಿನಲ್ಲಿ. ಬಚ್ಚಲುಮನೆಯ ಬಾಗಿಲಿಗೆ ಹಾಕುವ ಮ್ಯಾಟನ್ನೇ ತೆಗೆದುಕೊಳ್ಳಿ. ಅಗ್ಗದವುಗಳ ಹಿಂಬದಿಗೆ ಲ್ಯಾಟೆಕ್ಸಿನ ತೆಳು ಲೇಪ ಇರುತ್ತದೆ. ಹೊಸದರಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಬಿಸಿನೀರು, ಬ್ಲೀಚು, ಉರಿಬಿಸಿಲು ಸೇರಿ ಅದನ್ನು ಒಣಗಿಸಿ ಪುಡಿ ಮಾಡುತ್ತವೆ. ಮ್ಯಾಟ್ ಎತ್ತಿದಾಗ ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದರ ಆಯುಸ್ಸು ಮುಗಿದಂತೆ. ದಪ್ಪ ರಬ್ಬರಿನ ಬೆನ್ನು ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಮೂಲೆ ಮಡಚಿ ಉಗುರಿನಿಂದ ಕೆರೆದು ನೋಡಿ, ಪುಡಿ ಉದುರಿದರೆ ಬೇಡ.

ಮನೆಗೆ ತಂದ ಮೇಲೆ ಟೈಲ್ಸನ್ನು ಒರೆಸಿ, ಮ್ಯಾಟ್ ಹಾಸಿ, ಗೋಡೆ ಹಿಡಿದುಕೊಂಡು ಒಂದು ಕಾಲಿನಿಂದ ಪಕ್ಕಕ್ಕೆ ತಳ್ಳಿ. ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ತಳ್ಳಿ. ಒಣನೆಲದಲ್ಲಿ ಅಲುಗದ ಎಷ್ಟೋ ಮ್ಯಾಟುಗಳು ಈ ಎರಡನೇ ಪರೀಕ್ಷೆಯಲ್ಲಿ ಸೋಲುತ್ತವೆ. ಬೆನ್ನಿಗೆ ಧೂಳು ಹಿಡಿದರೂ ಹಿಡಿತ ತಪ್ಪುತ್ತದೆ, ಆಗಾಗ ಒರೆಸಬೇಕು.

ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಒಳಗೆ ಸ್ಪಂಜಿರುವ ದಪ್ಪ ಮ್ಯಾಟ್ ನನ್ನ ಮಟ್ಟಿಗೆ ಬೇಡವೇ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವದಿಂದ ಮುಗ್ಗಲು ವಾಸನೆ ಹೊಡೆಯುತ್ತದೆ. ತೆಳು ಹತ್ತಿಯ ಟರ್ಕಿ ಮ್ಯಾಟ್ ಎರಡು ಇಟ್ಟುಕೊಂಡು, ಕೆಳಗೆ ಜಾರದ ರಬ್ಬರ್ ಜಾಲರಿ ಹಾಸಿ, ಒಂದನ್ನು ತಂತಿಯ ಮೇಲೆ ಹಾಕಿರಿ.

ಅಡುಗೆಮನೆಯ ಉದ್ದ ಮ್ಯಾಟಿಗೆ ನೀರು ಹೀರದ ಪಾಲಿಪ್ರೊಪಿಲೀನ್ ನೇಯ್ಗೆ ಒಳ್ಳೆಯದು. ಬಣ್ಣ? ಕಪ್ಪಿನ ಮೇಲೆ ಅಕ್ಕಿಹಿಟ್ಟು, ಬಿಳಿಯ ಮೇಲೆ ಅರಿಶಿನ ಎದ್ದು ಕಾಣುತ್ತವೆ. ಕಂದು, ಬೂದು ಕಲಸಿದ ನೂಲು ಎರಡನ್ನೂ ಮರೆಸುತ್ತದೆ.