ನಾಳೆಯಿಂದ ಕ್ಲಾಸಿಗೆ ಬರೋದಿಲ್ಲ, ಸರ್

ಕೋಚಿಂಗ್ ಬಿಡುವ ಹುಡುಗರಲ್ಲಿ ಹೆಚ್ಚಿನವರು ಹೇಳಿ ಬಿಡುವುದಿಲ್ಲ. ಒಂದು ಸೋಮವಾರ ಹೋಗುವುದಿಲ್ಲ, ಮಂಗಳವಾರವೂ ಹೋಗುವುದಿಲ್ಲ. ಆಫೀಸಿನಿಂದ ಫೋನ್ ಬಂದರೆ ‘ಜ್ವರ ಮೇಡಂ’ ಅನ್ನುತ್ತಾರೆ. ಮೂರನೇ ವಾರಕ್ಕೆ ಆಫೀಸಿನವರು ಫೋನ್ ಮಾಡುವುದನ್ನೂ ನಿಲ್ಲಿಸುತ್ತಾರೆ. ಬೆಂಗಳೂರಿನ ವಿಜಯನಗರದಲ್ಲಾಗಲಿ, ಧಾರವಾಡದಲ್ಲಾಗಲಿ, ಕೆಎಎಸ್, ಪಿಎಸ್‌ಐ, ನೀಟ್ ಎಂದು ಬಂದು ನಡುವೆಯೇ ಊರಿಗೆ ಮರಳಿದವರ ಕತೆ ಬಹುಪಾಲು ಹೀಗೇ ಮುಗಿಯುತ್ತದೆ. ಪಾಠ ಹೇಳಿದ ಮೇಷ್ಟ್ರ ಮುಖ ನೋಡಿ ‘ಬಿಡ್ತೀನಿ’ ಅನ್ನುವುದಕ್ಕೆ ಸಂಕೋಚ. ಫೀಸು ಹೇಗೂ ವಾಪಸ್ ಬರುವುದಿಲ್ಲ ಎಂಬ ನಂಬಿಕೆ ಬೇರೆ.

ಸಂಕೋಚ ಅರ್ಥವಾಗುವಂಥದ್ದು. ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ. ಆದರೆ ಹೇಳದೆ ಬಿಟ್ಟವರ ಪಾಲಿಗೆ ಅದು ನಿಜವಾಗಿಬಿಡುತ್ತದೆ. ಏಕೆಂದರೆ ಸಂಸ್ಥೆಯ ಪುಸ್ತಕದಲ್ಲಿ ಅವರಿನ್ನೂ ವಿದ್ಯಾರ್ಥಿಗಳೇ. ಬಿಟ್ಟದ್ದು ಯಾವ ದಿನ ಎಂಬುದಕ್ಕೆ ಕಾಗದ ಇಲ್ಲದಿದ್ದರೆ ಉಳಿದ ದಿನಗಳ ಲೆಕ್ಕ ಹಾಕುವುದು ಎಲ್ಲಿಂದ? ಕೋಚಿಂಗ್ ಬಿಡುವಾಗ ಬರೆಯುವ ಪತ್ರದ ಮೊದಲ ಕೆಲಸ ಆ ತಾರೀಖನ್ನು ನಿಲ್ಲಿಸುವುದು. ಕ್ಷಮೆ, ಕೃತಜ್ಞತೆ, ಕಾರಣ ಎಲ್ಲ ಆಮೇಲಿನ ಮಾತು.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟುಹೋಗುವ ವಿದ್ಯಾರ್ಥಿಗೆ ಉಳಿದ ಅವಧಿಯ ಹಣವನ್ನು ಲೆಕ್ಕಹಾಕಿ 10 ದಿನದೊಳಗೆ ಹಿಂದಿರುಗಿಸಬೇಕು, ಸಂಸ್ಥೆಯದೇ ಹಾಸ್ಟೆಲಿನಲ್ಲಿದ್ದರೆ ಅದರ ಬಾಡಿಗೆ ಮತ್ತು ಊಟದ ಹಣವನ್ನೂ ಕೊಡಬೇಕು ಎಂದು ಅದರಲ್ಲಿದೆ. ನೋಟ್ಸು, ಪುಸ್ತಕಗಳಿಗೆ ಬೇರೆ ಹಣ ಕೇಳಬಾರದು ಎಂದೂ ಇದೆ. ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. ರಾಜ್ಯಗಳು ತಮ್ಮ ಕಾನೂನಿನೊಳಗೆ ತಂದುಕೊಂಡಾಗಲೇ ಅದಕ್ಕೆ ಹಲ್ಲು ಬರುವುದು. ಇನ್ನೊಂದು ಮಿತಿಯೂ ಇದೆ: ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಮಾತ್ರ, ಕ್ರೀಡೆ, ನೃತ್ಯ, ನಾಟಕದ ತರಬೇತಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಮಗನನ್ನು ಕ್ರಿಕೆಟ್ ಅಕಾಡೆಮಿಯಿಂದ ಬಿಡಿಸುವ ತಂದೆ ಇದನ್ನು ಹಿಡಿದುಕೊಂಡು ಹೋದರೆ ಕೆಲಸವಾಗದು.

ಹಾಗಾದರೆ ನಿಜವಾದ ಆಸರೆ ಯಾವುದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕಾಲೇಜು, ವಿಶ್ವವಿದ್ಯಾಲಯಗಳ ವಿಷಯದಲ್ಲಿ ಗ್ರಾಹಕ ಆಯೋಗಗಳಿಗೆ ಕೈಹಾಕುವ ಅಧಿಕಾರವಿಲ್ಲ ಎಂದು 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠ ಹೇಳಿತು. ಅದೇ ತೀರ್ಪಿನಲ್ಲಿ ಕೋಚಿಂಗ್ ಕೇಂದ್ರಗಳನ್ನು ಆ ಸಾಲಿಗೆ ಸೇರಿಸಲಾಗದು, ಅವು ಕಾಯ್ದೆಯೊಳಗೇ ಬರುತ್ತವೆ ಎಂದೂ ಹೇಳಿತು. ಇದಕ್ಕೂ ಹಿಂದೆ, 2003ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ಕೋರ್ಸಿನ ಫೀಸನ್ನು ಮೊದಲೇ ವಸೂಲು ಮಾಡುವುದನ್ನು ಒಪ್ಪಲಿಲ್ಲ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀಸನ್ನಷ್ಟೇ ಪಡೆಯಬಹುದು, ಹೆಚ್ಚಿಗೆ ಪಡೆದಿದ್ದರೆ ಅದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿರಬೇಕು ಎಂದಿತು. ಅದು ವೃತ್ತಿಶಿಕ್ಷಣ ಕಾಲೇಜುಗಳ ಪ್ರಕರಣ. ಆದರೂ ಕೋಚಿಂಗ್ ಫೀಸಿನ ಜಗಳಗಳಲ್ಲಿ ವಕೀಲರು ಇಂದಿಗೂ ಅದನ್ನು ಎತ್ತುತ್ತಾರೆ.

ಅರ್ಜಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಒಮ್ಮೆ ಕಟ್ಟಿದ ಶುಲ್ಕ ಹಿಂದಿರುಗಿಸಲಾಗುವುದಿಲ್ಲ’ ಎಂದಿರುತ್ತದೆ. ಅದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಬಾಗಿಲು ಮುಚ್ಚಿತು ಎಂದಲ್ಲ. ಹಾಗೆಂದು ಗೆಲುವು ಖಚಿತವೂ ಅಲ್ಲ. ಪಾಠ ಸರಿಯಾಗಿ ನಡೆದಿದ್ದು, ವಿದ್ಯಾರ್ಥಿ ತನ್ನ ಕಾರಣಕ್ಕೆ ಬಿಟ್ಟಿದ್ದರೆ ಆಯೋಗಗಳು ಎಲ್ಲ ಸಲವೂ ಒಂದೇ ರೀತಿ ತೀರ್ಪು ಕೊಟ್ಟಿಲ್ಲ. ಹೇಳಿದ ಅಧ್ಯಾಪಕರು ಬರಲಿಲ್ಲ, ಬ್ಯಾಚಿನಲ್ಲಿ 60 ಜನ ಎಂದು 150 ಜನರನ್ನು ತುಂಬಿದರು, ನೇರ ಪಾಠವನ್ನು ವಿಡಿಯೊಗೆ ಬದಲಿಸಿದರು ಎಂಬಂಥದ್ದೇನಾದರೂ ಇದ್ದು ಅದಕ್ಕೆ ಪುರಾವೆಯಿದ್ದರೆ ಬಲ ಹೆಚ್ಚು. ಅದಕ್ಕೇ ಸೇರುವಾಗ ಕೊಟ್ಟ ಕರಪತ್ರವನ್ನು ಕಸಕ್ಕೆ ಹಾಕಬಾರದು.

ಒಂದು ಲೆಕ್ಕ ನೋಡೋಣ. ಹಾವೇರಿ ಕಡೆಯ ಹುಡುಗಿಯೊಬ್ಬಳು ವಿಜಯನಗರದ ಅಕಾಡೆಮಿಗೆ ಕೆಎಎಸ್ ತರಬೇತಿಗೆ ಸೇರಿದಳು ಎಂದಿಟ್ಟುಕೊಳ್ಳಿ. ಜೂನ್ 1ರಿಂದ ಮಾರ್ಚ್ 31ರವರೆಗೆ ಕೋರ್ಸು. ಫೀಸು 1,00,000 ರೂಪಾಯಿ, ಮೇಲೆ ಶೇ. 18ರ ಜಿಎಸ್‌ಟಿ 18,000. ಸೇರುವಾಗ 28,000 ಕೊಟ್ಟಳು. ಉಳಿದ 90,000ಕ್ಕೆ ಅಕಾಡೆಮಿಯವರೇ ಒಂದು ಹಣಕಾಸು ಕಂಪನಿಯಿಂದ ‘ಬಡ್ಡಿಯಿಲ್ಲದ ಇಎಂಐ’ ಮಾಡಿಸಿಕೊಟ್ಟರು, ತಿಂಗಳಿಗೆ 7,500ರಂತೆ 12 ಕಂತು. ಸೆಪ್ಟೆಂಬರಿನಲ್ಲಿ ತಂದೆಗೆ ಆರೋಗ್ಯ ಕೆಟ್ಟು ಆಕೆ ಊರಿಗೆ ಹೋಗಬೇಕಾಯಿತು. ಸೆಪ್ಟೆಂಬರ್ 15 ಕೊನೆಯ ದಿನ.

ಕೋರ್ಸಿನ ಒಟ್ಟು ದಿನ 304. ಆಕೆ ಇದ್ದದ್ದು 107 ದಿನ, ಉಳಿದದ್ದು 197. 1,18,000ವನ್ನು 304ರಿಂದ ಭಾಗಿಸಿ 197ರಿಂದ ಗುಣಿಸಿದರೆ 76,467 ರೂಪಾಯಿ. ಹಿಂದಿರುಗಬೇಕಾದ ಮೊತ್ತ ಇದು.

ಇಲ್ಲಿ ಆಫೀಸಿನವರು ಸಾಮಾನ್ಯವಾಗಿ ಎತ್ತುವ ಮಾತು: ‘ಜಿಎಸ್‌ಟಿ ಸರ್ಕಾರಕ್ಕೆ ಹೋಯ್ತಲ್ಲಮ್ಮಾ, ಅದನ್ನ ನಾವೆಲ್ಲಿಂದ ತರೋಣ?’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸೇವೆ ಪೂರ್ತಿ ಕೊಡದೆ ಹಣ ಹಿಂದಿರುಗಿಸುವಾಗ ಸಂಸ್ಥೆ ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆಯನ್ನು ಇಳಿಸಿಕೊಳ್ಳಬಹುದು. ಬಿಲ್ಲು ಮಾಡಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೂ ಅದಕ್ಕೆ ಕಾಲಾವಕಾಶವಿದೆ. ಆ ಸಂಸ್ಥೆಯ ಲೆಕ್ಕಿಗರಿಗೆ ಇದು ಗೊತ್ತಿರುತ್ತದೆ, ಕೌಂಟರಿನಲ್ಲಿ ಕುಳಿತವರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನು ಸಾಲದ ವಿಷಯ. ನನ್ನ ಪ್ರಕಾರ ಜನ ಎಡವುವುದು ಇಲ್ಲಿಯೇ ಹೆಚ್ಚು. ಕ್ಲಾಸು ಬಿಟ್ಟರೆ ಕಂತೂ ನಿಂತಿತು ಎಂದು ಅಂದುಕೊಳ್ಳುತ್ತಾರೆ, ಇಲ್ಲವೇ ಬ್ಯಾಂಕಿಗೆ ಹೋಗಿ ಕಂತು ಕಡಿತವನ್ನು ನಿಲ್ಲಿಸಿ ಬರುತ್ತಾರೆ. ಅಕಾಡೆಮಿಗೆ ಸಾಲದ ಹಣ ಆಗಲೇ ಸೇರಿಯಾಗಿದೆ. ಸಾಲ ಇರುವುದು ಹುಡುಗಿಗೂ ಕಂಪನಿಗೂ ನಡುವೆ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ, ಮುಂದೆ ತಂದೆಯ ಬೆಳೆಸಾಲಕ್ಕೋ ಅಣ್ಣನ ಬೈಕ್ ಸಾಲಕ್ಕೋ ಆಕೆ ಜಾಮೀನು ನಿಂತರೆ ಅಲ್ಲಿ ತೊಡಕು. ನಮ್ಮ ಲೆಕ್ಕದಲ್ಲಿ ಜುಲೈ, ಆಗಸ್ಟ್, ಸೆಪ್ಟೆಂಬರಿನ ಮೂರು ಕಂತು ಹೋಗಿ 67,500 ಬಾಕಿ. ಅಕಾಡೆಮಿ 76,467ರಲ್ಲಿ 67,500ನ್ನು ಕಂಪನಿಗೆ ಕಟ್ಟಿ ಸಾಲ ಮುಗಿಸಬೇಕು, ಉಳಿದ 8,967 ಆಕೆಯ ಖಾತೆಗೆ ಬರಬೇಕು. ಅದು ಆಗುವತನಕ ಕಂತು ತಪ್ಪಿಸದೆ ಕಟ್ಟುವುದು ಒಳ್ಳೆಯದು. ಆ ನಡುವೆ ಕಟ್ಟಿದ್ದು ಆಕೆಗೆ ಬರುವ ಮೊತ್ತಕ್ಕೆ ಸೇರುತ್ತದೆ.

ಪತ್ರ ಹೀಗಿರಬಹುದು.

“ದಿನಾಂಕ: 15 ಸೆಪ್ಟೆಂಬರ್
ವ್ಯವಸ್ಥಾಪಕರಿಗೆ,
ವಿಷಯ: ಕೆಎಎಸ್ ತರಬೇತಿಯಿಂದ ಹಿಂದೆ ಸರಿಯುವುದು ಮತ್ತು ಶುಲ್ಕ ಮರುಪಾವತಿ ಕುರಿತು.

ಮಾನ್ಯರೇ,
ನಾನು ತಮ್ಮ ಅಕಾಡೆಮಿಯ ಬೆಳಗಿನ ಬ್ಯಾಚಿನ ವಿದ್ಯಾರ್ಥಿನಿ. ನನ್ನ ಪ್ರವೇಶ ಸಂಖ್ಯೆ ಮತ್ತು ರಸೀದಿಗಳ ನಕಲು ಜೊತೆಗಿವೆ. ತಂದೆಯ ಅನಾರೋಗ್ಯದ ಕಾರಣ ತರಬೇತಿ ಮುಂದುವರಿಸಲು ನನಗೆ ಸಾಧ್ಯವಿಲ್ಲ. ಇಂದು ನನ್ನ ಕೊನೆಯ ತರಗತಿ. ನಾಳೆಯಿಂದ ನನ್ನ ಪ್ರವೇಶವನ್ನು ರದ್ದುಪಡಿಸಬೇಕೆಂದು ಕೋರುತ್ತೇನೆ.

ಒಟ್ಟು 1,18,000 ರೂಪಾಯಿ ಶುಲ್ಕ ತಮಗೆ ಸಂದಿದೆ. 304 ದಿನಗಳಲ್ಲಿ 197 ದಿನ ಉಳಿದಿದ್ದು, ಆ ಪ್ರಕಾರ 76,467 ರೂಪಾಯಿ ಹಿಂದಿರುಗಬೇಕಾಗುತ್ತದೆ. ಇದರಲ್ಲಿ 67,500 ರೂಪಾಯಿಯನ್ನು ನನ್ನ ಸಾಲದ ಖಾತೆಗೆ ಕಟ್ಟಿ, ಉಳಿದದ್ದನ್ನು ಕೆಳಗಿನ ಬ್ಯಾಂಕ್ ಖಾತೆಗೆ 10 ದಿನದೊಳಗೆ ಜಮಾ ಮಾಡಬೇಕು. ತಮ್ಮ ಲೆಕ್ಕ ಬೇರೆಯಿದ್ದರೆ ಅದನ್ನು ಬರಹದಲ್ಲಿ ತಿಳಿಸಿ. ಪ್ರವೇಶದ ವೇಳೆ ಕೊಟ್ಟ ನನ್ನ ಪದವಿಯ ಮೂಲ ಅಂಕಪಟ್ಟಿಯನ್ನೂ ಮರಳಿಸಬೇಕೆಂದು ವಿನಂತಿ.
ಇಂತಿ, ತಮ್ಮ ವಿಶ್ವಾಸಿ”

ಕಾರಣಕ್ಕೆ ಒಂದೇ ವಾಕ್ಯ ಸಾಕು. ಮನೆಯ ಕಷ್ಟವನ್ನು ಪುಟಗಟ್ಟಲೆ ಬರೆದರೆ ಉತ್ತರವೂ ಸಮಾಧಾನದ ಮಾತಿನಲ್ಲೇ ಬರುತ್ತದೆ, ಹಣದ ಮಾತು ಹಿಂದೆ ಸರಿಯುತ್ತದೆ. ಪಾಠದ ಬಗ್ಗೆ ದೂರಿದ್ದರೆ ದಿನ, ವಿಷಯ ಹೇಳಿ ಬರೆಯಬೇಕು. ಇಲ್ಲದ ದೂರನ್ನು ಹಣಕ್ಕಾಗಿ ಹುಟ್ಟಿಸಿದರೆ ಮುಂದೆ ಆಯೋಗದ ಎದುರು ಅದೇ ತಿರುಗಿ ಹೊಡೆಯುತ್ತದೆ. ಪತ್ರದ ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಹಾಕುವುದಿಲ್ಲ ಅಂದರೆ ಅದೇ ದಿನ ಇಮೇಲ್ ಮಾಡಿ, ಅಂಚೆಯಲ್ಲೂ ಸ್ವೀಕೃತಿ ಸಹಿತ ಕಳಿಸಬೇಕು. ಸಾಲ ಕೊಟ್ಟ ಕಂಪನಿಗೂ ಒಂದು ಪ್ರತಿ ಹೋಗಲಿ. ವಾಟ್ಸ್ಆ್ಯಪ್‌ನಲ್ಲಿ ಎರಡು ನೀಲಿ ಗೆರೆ ಬಿದ್ದದ್ದು ಸಮಾಧಾನ ಕೊಡಬಹುದು, ಅದೊಂದನ್ನೇ ನೆಚ್ಚುವುದು ಬೇಡ.

ಪಾಠ ಹೇಳಿದ ಮೇಷ್ಟ್ರಿಗೆ? ಅವರಿಗೆ ಬೇರೆಯೇ ಪತ್ರ, ಅಥವಾ ಹೋಗಿ ಕಂಡು ಎರಡು ಮಾತು. ‘ಸರ್, ನಿಮ್ಮ ಸಂವಿಧಾನದ ತರಗತಿಯಿಂದ ನನಗೆ ತುಂಬಾ ಉಪಯೋಗವಾಯ್ತು, ಊರಿಂದಲೇ ಓದು ಮುಂದುವರಿಸ್ತೀನಿ’ ಎಂದರೆ ಆಯಿತು. ಎಷ್ಟೋ ಅಕಾಡೆಮಿಗಳಲ್ಲಿ ಅವರೂ ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರೇ, ಫೀಸಿನ ವಿಷಯ ಅವರ ಕೈಯಲ್ಲಿರುವುದಿಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಕೃತಜ್ಞತೆಯೂ ಮುಜುಗರವಾಗುತ್ತದೆ, ಲೆಕ್ಕವೂ ಸಡಿಲವಾಗುತ್ತದೆ.

ಹತ್ತು ದಿನ ಕಳೆದರೂ ಸದ್ದಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ಸಂಸ್ಥೆಗೆ ದೂರನ್ನು ಮುಟ್ಟಿಸಿ ಉತ್ತರ ಕೇಳುವವರು. ಎಷ್ಟೋ ಪ್ರಕರಣ ಅಲ್ಲಿಯೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೊಸ ಕಾಯ್ದೆಯ ಅನುಕೂಲವೆಂದರೆ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಮ್ಮ ಹುಡುಗಿ ಬೆಂಗಳೂರಿಗೆ ಅಲೆಯಬೇಕಿಲ್ಲ, ಹಾವೇರಿಯಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ಇಷ್ಟೆಲ್ಲಕ್ಕೂ ಮೊದಲು ಅಕಾಡೆಮಿಯಿಂದ ಒಂದು ಫೋನ್ ಬರುವ ಸಾಧ್ಯತೆ ಹೆಚ್ಚು. ‘ಹಣ ಬೇಡಮ್ಮಾ, ಮುಂದಿನ ಜೂನ್ ಬ್ಯಾಚಿಗೆ ಸೇರಿಕೋ, ಫೀಸು ಅಲ್ಲಿಗೇ ಹಾಕ್ತೀವಿ.’ ಮರಳಿ ಬರುವುದು ಖಚಿತವಿದ್ದರೆ ಒಪ್ಪಬಹುದು, ಆದರೆ ಅದೂ ಬರಹದಲ್ಲಿ, ಮೊತ್ತದ ಸಮೇತ. ಇನ್ನು ಕೆಲವರು ಕರೆಸಿ 20,000ದ ಚೆಕ್ ಮುಂದಿಟ್ಟು ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಅಷ್ಟೇ ಸಾಕು ಅನ್ನಿಸಿದರೆ ಹಾಕಿ. ಸಾಲದು ಅನ್ನಿಸಿದರೆ ಸಹಿಯ ಮೇಲೆ ಕೈಯಾರೆ ‘ಭಾಗಶಃ ಮೊತ್ತ, ಬಾಕಿ 56,467 ರೂಪಾಯಿಯ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ’ ಎಂದು ಬರೆದು, ಅದರ ಫೋಟೊ ತೆಗೆದುಕೊಂಡೇ ಚೆಕ್ ಜೇಬಿಗೆ ಹಾಕಿಕೊಳ್ಳಿ.