ಮೊದಲ ಎರಡು ನಿಮಿಷ: ಪ್ರಸಂಗದ ಪೀಠಿಕೆ ಕಟ್ಟುವ ಬಗೆ

ಭಾನುವಾರದ ಆರಾಧನೆಯಲ್ಲಿ ವಾಕ್ಯ ಓದಿ ಮುಗಿದಿರುತ್ತದೆ. ಒಂದು ಕೀರ್ತನೆ ಹಾಡಿ ಸಭೆ ಕುಳಿತಿರುತ್ತದೆ. ಯಾರೋ ಕೆಮ್ಮುತ್ತಾರೆ, ಇನ್ಯಾರೋ ಮಗುವಿನ ಕೈಗೆ ಬಿಸ್ಕತ್ತು ಇಡುತ್ತಾರೆ. ಇದರ ನಡುವೆ ಪ್ರಸಂಗ ಶುರುವಾಗಬೇಕು. ಆ ಕ್ಷಣದಲ್ಲಿ ಸಭೆ ಬೋಧಕರಿಗೆ ಗಮನವನ್ನು ಸಾಲವಾಗಿ ಕೊಟ್ಟಿರುತ್ತದೆ. ಕೇಳೋಣ, ಏನು ಹೇಳುತ್ತಾರೋ ನೋಡೋಣ ಎಂಬಷ್ಟು. ಎರಡು ನಿಮಿಷದೊಳಗೆ ಆ ಸಾಲಕ್ಕೆ ಏನಾದರೂ ಸಿಗದಿದ್ದರೆ ಕಣ್ಣು ಮುಂದೆಯೇ ಇರುತ್ತದೆ, ಮನಸ್ಸು ಮಧ್ಯಾಹ್ನದ ಅಡುಗೆಗೆ ಹೋಗಿರುತ್ತದೆ.

ಭಾಷಣದ ಆರಂಭಕ್ಕೆ ಮೂರು ಕೆಲಸವಿದೆ ಎಂದು ರೋಮಿನ ವಾಗ್ಮಿ ಸಿಸೆರೊ ಬರೆದಿದ್ದ: ಕೇಳುವವರಿಗೆ ಮಾತನಾಡುವವನ ಮೇಲೆ ಒಲವು ಹುಟ್ಟಬೇಕು, ಗಮನ ಬರಬೇಕು, ವಿಷಯವನ್ನು ಕಲಿಯಲು ಮನಸ್ಸು ಸಿದ್ಧವಾಗಬೇಕು. ನಮ್ಮ ಬಹುಪಾಲು ಪೀಠಿಕೆಗಳು ಎರಡನೆಯ ಕೆಲಸವನ್ನಷ್ಟೇ ಮಾಡಿ ನಿಲ್ಲುತ್ತವೆ. ವಾಟ್ಸಾಪಿನ ನಗೆಹನಿ, ಪತ್ರಿಕೆಯ ಅಪಘಾತದ ಸುದ್ದಿ, ಕೈಯಲ್ಲಿ ಎತ್ತಿ ಹಿಡಿದ ನೋಟು: ಎಲ್ಲವೂ ಗಮನ ಸೆಳೆಯುತ್ತವೆ. ಆದರೆ ಎಲ್ಲಿಗೆ ಕರೆದೊಯ್ಯುತ್ತವೆ? ನಾನೂ ಒಮ್ಮೆ ಬಸ್ಸು ಹಳ್ಳಕ್ಕೆ ಜಾರಿದ ಘಟನೆಯಿಂದ ಶುರುಮಾಡಿದ್ದೆ. ಸಭೆ ಉಸಿರು ಹಿಡಿದು ಕೇಳಿತು. ಬಾಗಿಲಲ್ಲಿ ಕೈಮುಗಿದ ಹಿರಿಯರೊಬ್ಬರು, ಆ ಬಸ್ಸಿನಲ್ಲಿದ್ದ ಮಗು ಉಳಿಯಿತೇ ಅಯ್ಯನವರೇ ಎಂದು ಕೇಳಿದರು. ಪ್ರಸಂಗದ ಬಗ್ಗೆ ಒಂದು ಮಾತೂ ಇಲ್ಲ. ತಪ್ಪು ಅವರದ್ದಲ್ಲ. ನಾನು ಅವರನ್ನು ಬಸ್ಸಿನಲ್ಲೇ ಬಿಟ್ಟು ಮುಂದೆ ಹೋಗಿದ್ದೆ.

ಅಂದಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬರೆದ ಪೀಠಿಕೆಯನ್ನು ಕತ್ತರಿಸಿ ಬೇರೊಂದು ವಾಕ್ಯಭಾಗದ ಪ್ರಸಂಗಕ್ಕೆ ಅಂಟಿಸಿ ನೋಡುವುದು. ಅಲ್ಲಿಯೂ ಕೂತರೆ ಅದು ಅಲಂಕಾರ, ತೆಗೆದುಹಾಕಬೇಕು. ಆ ಒಂದು ವಾಕ್ಯಭಾಗಕ್ಕೆ ಮಾತ್ರ ಅಂಟುವಂಥದ್ದೇ ಉಳಿಯಬೇಕು. ಹಾಗಾದರೆ ಪೀಠಿಕೆಯ ಬೀಜವನ್ನು ಹೊರಗೆ ಹುಡುಕಿ ಪ್ರಯೋಜನವಿಲ್ಲ, ಅದು ವಾಕ್ಯದೊಳಗೇ ಸಿಗಬೇಕು.

ಒಂದು ಉದಾಹರಣೆ ಹಿಡಿಯೋಣ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ. ಯಜಮಾನ ಬೆಳಗ್ಗೆ ಕೆಲವರನ್ನು ದಿನಕ್ಕೆ ಒಂದು ದಿನಾರಿ ಎಂದು ಮಾತಾಡಿ ಕರೆದುಕೊಳ್ಳುತ್ತಾನೆ. ಆಮೇಲೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಕೊನೆಗೆ ಸಂಜೆ ಐದಕ್ಕೆ ಇನ್ನೂ ಕೆಲವರು. ಎಲ್ಲರಿಗೂ ಸಿಗುವುದು ಅದೇ ಒಂದು ದಿನಾರಿ.

ಮೊದಲು ಕೈಗೆ ಬರುವ ಪೀಠಿಕೆ ಹೀಗಿರುತ್ತದೆ: "ಪ್ರಿಯರೇ, ದೇವರ ಕೃಪೆ ಎಷ್ಟು ದೊಡ್ಡದು! ಈ ದಿನ ನಾವು ಕೃಪೆಯ ಕುರಿತು ಧ್ಯಾನಿಸೋಣ. ದಿನಾರಿ ಎಂಬುದು ರೋಮಿನ ಒಂದು ಬೆಳ್ಳಿ ನಾಣ್ಯ..." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಉತ್ತರ ಮೊದಲು ಬಂದುಬಿಟ್ಟಿದೆ, ಪ್ರಶ್ನೆ ಇನ್ನೂ ಹುಟ್ಟೇ ಇಲ್ಲ. ಕೃಪೆ ದೊಡ್ಡದು ಎಂಬ ಮಾತಿಗೆ ಸಭೆ ತಲೆಯಾಡಿಸುತ್ತದೆ. ತಲೆಯಾಡಿಸಿದವರಿಗೆ ಮುಂದೆ ಕೇಳಬೇಕಾದ ತುರ್ತು ಇರುವುದಿಲ್ಲ. ನಾಣ್ಯದ ಇತಿಹಾಸ ಬೇಕೇ ಬೇಕೆನಿಸಿದರೆ ಅದನ್ನು ಕೇಳುವ ಹಸಿವು ಹುಟ್ಟಿದ ಮೇಲೆ, ಹತ್ತನೇ ನಿಮಿಷದಲ್ಲಿ ಹೇಳಬಹುದು.

ನಮ್ಮೂರಿನ ಸರ್ಕಲ್ಲಿನಲ್ಲಿ ಬೆಳಗ್ಗೆ ಬುತ್ತಿ ಹಿಡಿದು ನಿಲ್ಲುವ ಗಾರೆ ಕೆಲಸದವರಿಂದ ಶುರುಮಾಡುವ ಆಸೆಯೂ ಆಗುತ್ತದೆ. ಕೆಟ್ಟ ಯೋಚನೆಯಲ್ಲ. ಅಪಾಯ ಏನೆಂದರೆ, ಸಾಮ್ಯವೇ ಒಂದು ಕೂಲಿಯ ಕಥೆ. ಅದರ ಮುಂದೆ ಇನ್ನೊಂದು ಕೂಲಿಯ ಕಥೆ ಇಟ್ಟರೆ ಎರಡು ಕಥೆಗಳು ಒಂದನ್ನೊಂದು ತಿನ್ನುತ್ತವೆ.

ಹಾಗಾಗಿ ವಾಕ್ಯಕ್ಕೇ ಮರಳಿ, ಇದರಲ್ಲಿ ತಿಕ್ಕಾಟ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕು. ನಾಲ್ಕೈದು ಸಲ ಓದಿದಾಗ ಎಂಟನೆಯ ವಚನ ಕಾಲಿಗೆ ತೊಡರುತ್ತದೆ. ಕೂಲಿ ಹಂಚುವಾಗ ಕೊನೆಗೆ ಬಂದವರಿಂದ ಶುರುಮಾಡು ಎಂದು ಯಜಮಾನ ಪಾರುಪತ್ಯಗಾರನಿಗೆ ಹೇಳುತ್ತಾನೆ. ಈ ಒಂದು ಮಾತು ಇಲ್ಲದಿದ್ದರೆ ಬೆಳಗ್ಗೆ ಬಂದವರು ದುಡ್ಡು ತೆಗೆದುಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಗೊಣಗಾಟವೇ ಇರುತ್ತಿರಲಿಲ್ಲ. ಬೀಜ ಸಿಕ್ಕಿತು. ಈಗ ಬರೆದರೆ ಹೀಗಾಗುತ್ತದೆ:

"ಈಗ ಓದಿದ ಕಥೆಯಲ್ಲಿ ಯಜಮಾನ ಒಂದು ಮಾತು ಹೇಳದೆ ಇದ್ದಿದ್ದರೆ ಜಗಳವೇ ಆಗುತ್ತಿರಲಿಲ್ಲ. ಬೆಳಗ್ಗೆ ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಕೂಲಿ ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದರು. ಆದರೆ ಅವನು ಹೇಳಿದ: ಕೊನೆಗೆ ಬಂದವರಿಂದ ಶುರುಮಾಡು. ಹಾಗಾಗಿ ಹನ್ನೆರಡು ತಾಸು ಬಿಸಿಲಲ್ಲಿ ಬೆಂದವರು ಸಾಲಿನ ಹಿಂದೆ ನಿಂತು ನೋಡಬೇಕಾಯಿತು. ಒಂದೇ ತಾಸು ದುಡಿದವನ ಕೈಗೆ ಇಡೀ ದಿನದ ಕೂಲಿ ಬಿತ್ತು. ಆಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಾವಿದ್ದರೂ ಹಾಕುತ್ತಿದ್ದೆವು. ಕೊನೆಗೆ ಅವರ ಸರದಿ ಬಂತು. ಬೆಳಗ್ಗೆ ಮಾತಾಡಿಕೊಂಡಷ್ಟೇ ಸಿಕ್ಕಿತು, ಒಂದು ಕಾಸೂ ಕಡಿಮೆಯಿಲ್ಲ. ಆದರೂ ಅವರಿಗೆ ಮೋಸ ಹೋದ ಹಾಗೆ ಅನಿಸಿತು. ಅವರು ಕಳೆದುಕೊಂಡದ್ದಾದರೂ ಏನು? ಕೊನೆಗೆ ಬಂದವರಿಗೆ ಕೊಡುವುದನ್ನು ಅವರು ನಿಂತು ನೋಡಲೇಬೇಕು ಎಂದು ಯಜಮಾನನಿಗೆ ಏಕೆ ಅನಿಸಿತು? ಎಂಟನೆಯ ವಚನ ನೋಡೋಣ."

ಇದರಲ್ಲಿ ನಗೆಹನಿ ಇಲ್ಲ, ಹೊರಗಿನ ಕಥೆ ಇಲ್ಲ. ಕೇಳಿದವರಿಗೆ ಮಾತ್ರ ಒಂದು ಇರುಸುಮುರುಸು ಉಳಿಯುತ್ತದೆ, ಏಕೆಂದರೆ ಅವರಿಗೆ ಹಿಂದೆ ನಿಂತವರ ಪರ ಅನಿಸಿಬಿಟ್ಟಿದೆ. ಅಣ್ಣತಮ್ಮಂದಿರ ಆಸ್ತಿ, ಕಚೇರಿಯ ಬಡ್ತಿ ಎಂದು ಬೋಧಕರು ಪಟ್ಟಿ ಮಾಡಬೇಕಿಲ್ಲ. ಒಬ್ಬೊಬ್ಬರ ಸಾಲು ಅವರವರಿಗೇ ನೆನಪಾಗಿರುತ್ತದೆ. ನಿಧಾನವಾಗಿ, ಪ್ರಶ್ನೆಗಳ ನಡುವೆ ಉಸಿರುಬಿಟ್ಟು ಓದಿದರೂ ಇದು ಎರಡು ನಿಮಿಷ ದಾಟುವುದಿಲ್ಲ. ಕಾಗದದ ಮೇಲೆ ಪದ ಎಣಿಸುವುದಕ್ಕಿಂತ ಮೊಬೈಲಿನ ಗಡಿಯಾರ ಇಟ್ಟು ಗಟ್ಟಿಯಾಗಿ ಓದುವುದೇ ಸರಿಯಾದ ಅಳತೆ.

ಇಂಥ ಪೀಠಿಕೆಗೆ ಒಂದು ಹೊಣೆಯಿದೆ. ಎತ್ತಿದ ಪ್ರಶ್ನೆಗೆ ಪ್ರಸಂಗ ಉತ್ತರ ಕೊಡಲೇಬೇಕು. ಹಿಂದಿನ ಅಧ್ಯಾಯದ ಕೊನೆಯಲ್ಲಿ ಪೇತ್ರ, ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಎಂದು ಕೇಳಿರುತ್ತಾನೆ. ಸಾಲಿನ ಹಿಂದೆ ನಿಂತವರಲ್ಲಿ ಪೇತ್ರನೂ ಒಬ್ಬ ಎಂಬಲ್ಲಿಗೆ ಪ್ರಸಂಗ ತಲುಪದೆ, ಕೃಪೆಯ ಬಗ್ಗೆ ಸಾಮಾನ್ಯ ಮಾತುಗಳಲ್ಲಿ ಮುಗಿದರೆ ಈ ಪೀಠಿಕೆಯೂ ಬಸ್ಸಿನ ಕಥೆಯಷ್ಟೇ ಮೋಸ. ಈ ಕಾರಣಕ್ಕೇ ಪೀಠಿಕೆಯನ್ನು ಕೊನೆಗೆ ಬರೆಯುವುದು ಒಳ್ಳೆಯದು. ಶುಕ್ರವಾರ ಪ್ರಸಂಗದ ಒಡಲು ಮುಗಿಸಿ, ಅದು ನಿಜವಾಗಿ ಯಾವ ಪ್ರಶ್ನೆಗೆ ಉತ್ತರಿಸಿತು ಎಂದು ನೋಡಿ, ಶನಿವಾರ ಆ ಪ್ರಶ್ನೆಯನ್ನು ಮುಂದಕ್ಕೆ ತರಬೇಕು.

ಎಲ್ಲ ದಿನಕ್ಕೂ ಇದು ಸಲ್ಲದು. ಮಣ್ಣು ಕೊಡುವ ಆರಾಧನೆಯಲ್ಲಿ ತಿಕ್ಕಾಟ ಹುಟ್ಟಿಸಬೇಕಾಗಿಲ್ಲ, ಅದು ಪೆಟ್ಟಿಗೆಯ ರೂಪದಲ್ಲಿ ಕಣ್ಣೆದುರೇ ಇರುತ್ತದೆ. ಅಲ್ಲಿ ತೀರಿಕೊಂಡವರ ಹೆಸರು ಹೇಳಿ ನೇರವಾಗಿ ವಾಕ್ಯಕ್ಕೆ ಹೋಗಬೇಕು.

ಉಳಿದ ದಿನಗಳಲ್ಲಿ ಪೀಠಿಕೆಯ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಪ್ರಸಂಗ ಪೀಠಕ್ಕೆ ಹೋಗಿ ನಿಂತು, ಕಾಗದ ನೋಡದೆ, ಬಿಸ್ಕತ್ತಿನ ಸದ್ದು ನಿಲ್ಲುವಷ್ಟು ಹೊತ್ತು ಕಾದು, ಆಮೇಲೆ ಬಾಯಿ ತೆರೆಯಬೇಕು. ಸಮಯ ಕಡಿಮೆಯಿದೆ, ಗಂಟಲು ಸರಿಯಿಲ್ಲ ಎಂಬ ಕ್ಷಮಾಪಣೆಗಳೂ ಆ ಎರಡು ನಿಮಿಷದ ಲೆಕ್ಕಕ್ಕೇ ಸೇರುತ್ತವೆ.