ಮಳೆ ಕಾಣದ ಗೋಡೆಯ ಫೋಟೊ

ಮನೆ ರಿಪೇರಿ ಮಾಡಿಸುವ ಪರಿಚಯದ ಕಂಟ್ರಾಕ್ಟರ್ ಒಬ್ಬರಿಗೆ ಆಗಾಗ ಫೋಟೊದ ಕೆಳಗಿನ ಸಾಲುಗಳನ್ನು ಬರೆದುಕೊಡುತ್ತೇನೆ. ಹೋದ ಮಾರ್ಚ್‌ನಲ್ಲಿ ಅವರು ಎರಡು ಫೋಟೊ ಕಳಿಸಿದರು. ಮೊದಲನೆಯದರಲ್ಲಿ ಮಲಗುವ ಕೋಣೆಯ ಮೂಲೆ ಕಪ್ಪಿಟ್ಟು ಬಣ್ಣ ಸುಲಿದುಬಿದ್ದಿತ್ತು. ಎರಡನೆಯದರಲ್ಲಿ ಅದೇ ಮೂಲೆ ಬೆಣ್ಣೆಯ ಹಾಗೆ ನುಣುಪಾಗಿತ್ತು. ಜೊತೆಗೆ ಅವರೇ ಬರೆದ ಸಾಲು: ‘ಸೋರುವ ಮನೆಗೆ ಶಾಶ್ವತ ಪರಿಹಾರ!’

ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು. ಆದರೆ ‘ಶಾಶ್ವತ’ ಎಂಬ ಮಾತನ್ನು ಆ ಫೋಟೊ ಹೊರಲಾರದು. ಮೊದಲಿನ ಫೋಟೊ ಜುಲೈನದು, ನಂತರದ್ದು ಮಾರ್ಚ್‌ನದು. ಬೇಸಿಗೆಯಲ್ಲಿ ಸೋರುವ ಗೋಡೆಯೂ ಒಣಗಿಯೇ ಇರುತ್ತದೆ. ಬಣ್ಣ ಬಳಿದ ದಿನ ತೆಗೆದ ಚಿತ್ರ ಬಣ್ಣ ಹೇಗಿದೆ ಎಂಬುದನ್ನಷ್ಟೇ ಹೇಳುತ್ತದೆ. ನೀರು ನಿಂತಿದೆಯೇ ಎಂಬುದನ್ನು ಮಳೆಯೇ ಹೇಳಬೇಕು.

ಹಾಗಾದರೆ ಏನು ಬರೆಯಬಹುದು? ನಾನು ಫೋನ್ ಮಾಡಿ, ನೀರು ಎಲ್ಲಿಂದ ಬರುತ್ತಿತ್ತು, ನೀವು ಏನೇನು ಮಾಡಿದಿರಿ ಎಂದು ಕೇಳಿದೆ. ತಾರಸಿಯ ಪ್ಯಾರಪೆಟ್ ಗೋಡೆ ನೆಲಕ್ಕೆ ಕೂಡುವ ಕಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತಂತೆ. ಅದನ್ನು ಅಗಲ ಮಾಡಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದ್ದರು. ಮೂಲೆಯಲ್ಲಿ ನೀರು ನಿಲ್ಲದಂತೆ ಗುಂಡಗೆ ಗಾರೆ ಕೊಟ್ಟು, ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಹೊಡೆದಿದ್ದರು. ಆಮೇಲೆ ನೀರಿನ ಕಿಂಡಿ ಮುಚ್ಚಿ, ತಾರಸಿಯಲ್ಲಿ 48 ಗಂಟೆ ನೀರು ಕಟ್ಟಿ ನೋಡಿದ್ದರು. ಕೆಳಗೆ ತೇವ ಕಾಣಲಿಲ್ಲ. ಒಳಗೆ ಸಡಿಲಾದ ಗಾರೆ ಕೆತ್ತಿ ಹೊಸದಾಗಿ ಪ್ಲಾಸ್ಟರ್ ಮಾಡಿ, ಏಳು ದಿನ ನೀರು ಹಾಕಿ, ಮೂರ್ನಾಲ್ಕು ವಾರ ಒಣಗಲು ಬಿಟ್ಟ ಮೇಲೆಯೇ ಪುಟ್ಟಿ, ಬಣ್ಣ.

‘ಇಷ್ಟೆಲ್ಲ ಮಾಡಿದ್ದೀರಿ, ಇದನ್ನೇ ಹೇಳೋಣ ಅಣ್ಣ’ ಎಂದೆ. 48 ಗಂಟೆ ನೀರು ಕಟ್ಟಿ ನೋಡಿದೆವು ಎಂಬ ಮಾತಿನ ಮುಂದೆ ‘ಶಾಶ್ವತ’ ತೀರಾ ಬಡ ಶಬ್ದ. ಈ ಹಿಂದೆ ಸೋರುವ ಮನೆಯಲ್ಲಿ ದುಡ್ಡು ಕಳೆದುಕೊಂಡವರಿಗೆ ಅದರ ಬೆಲೆ ಗೊತ್ತು. ಕೊನೆಗೆ ಹೋದ ಸಾಲು ಹೀಗಿತ್ತು:

‘ಮೊದಲು, ಜುಲೈ: ಪ್ಯಾರಪೆಟ್ ಬುಡದ ಬಿರುಕಿನಿಂದ ನೀರು ಇಳಿಯುತ್ತಿತ್ತು. ನಂತರ, ಮಾರ್ಚ್: ಬಿರುಕು ತುಂಬಿ, ತಾರಸಿಗೆ ಎರಡು ಕೋಟ್ ಹೊಡೆದು, 48 ಗಂಟೆ ನೀರು ಕಟ್ಟಿ ನೋಡಿದೆವು, ಈ ಮೂಲೆಯಲ್ಲಿ ತೇವ ಕಾಣಲಿಲ್ಲ. ಮಳೆಗಾಲ ಇನ್ನೂ ಬಂದಿಲ್ಲ. ಅಕ್ಟೋಬರ್‌ನಲ್ಲಿ ಇದೇ ಮೂಲೆಯ ಫೋಟೊ ಹಾಕುತ್ತೇವೆ.’

ಒಣಗುವ ಮೊದಲೇ ಬಣ್ಣ ಬಳಿದರೂ ಆ ದಿನದ ಫೋಟೊ ಹೀಗೆಯೇ ಹೊಳೆಯುತ್ತದೆ. ಕೆಲವು ವಾರಗಳಲ್ಲಿ ಬಣ್ಣ ಗುಳ್ಳೆಯೆದ್ದು, ಬಿಳಿ ಉಪ್ಪಿನ ಪುಡಿ ಹೊರಬರುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಬಣ್ಣಕ್ಕೆ ಮುಂಚೆ ಗೋಡೆಗೆ ಅಂಗೈಗಿಂತ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒದ್ದೆ. ಹನಿಯಿಲ್ಲದ ಆ ಹಾಳೆಯದೂ ಒಂದು ಫೋಟೊ ತೆಗೆದಿಟ್ಟರೆ ‘ಒಣಗಿದ ಮೇಲೆ ಬಣ್ಣ ಬಳಿದೆವು’ ಎಂಬ ಸಾಲಿಗೆ ಆಧಾರ ಸಿಗುತ್ತದೆ.

ಚಿತ್ರವೂ ಮಾತಿಲ್ಲದೆ ಉತ್ಪ್ರೇಕ್ಷೆ ಮಾಡಬಲ್ಲದು. ಮೊದಲಿನದನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ, ನಂತರದ್ದನ್ನು ಬೆಳಗಿನ ಬಿಸಿಲಿನಲ್ಲಿ ತೆಗೆದರೆ ಅರ್ಧ ಬದಲಾವಣೆ ಬೆಳಕಿನದೇ. ನಾನು ಈಗ ಎರಡೂ ಚಿತ್ರದಲ್ಲಿ ಅದೇ ಸ್ವಿಚ್‌ಬೋರ್ಡ್ ಅದೇ ಜಾಗದಲ್ಲಿ ಕಾಣಬೇಕು ಎನ್ನುತ್ತೇನೆ. ಅದು ಕಂಡರೆ ದೂರ, ಕೋನ ಎರಡೂ ಒಂದೇ ಎಂದು ನೋಡುವವರಿಗೆ ತಿಳಿಯುತ್ತದೆ.

ಗ್ಯಾರಂಟಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಡಬ್ಬದ ಮೇಲಿನ ವರ್ಷಗಳು ಕಂಪನಿಯ ಮಾತು, ಅದಕ್ಕೆ ಷರತ್ತುಗಳಿರುತ್ತವೆ. ಕಂಟ್ರಾಕ್ಟರ್ ತನ್ನ ಹೆಸರಿನಲ್ಲಿ ಹೇಳಬಹುದಾದದ್ದು, ‘ಈ ಜಾಗದಲ್ಲಿ ಮತ್ತೆ ತೇವ ಬಂದರೆ ಎರಡು ಮಳೆಗಾಲದವರೆಗೆ ನಾವೇ ಬಂದು ಸರಿಮಾಡುತ್ತೇವೆ’ ಎಂಬಂಥ, ತಾನು ನಡೆಸಿಕೊಡಬಲ್ಲ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಷರತ್ತು ಇದ್ದರೆ ಅದು ಜಾಹೀರಾತಿನ ಮಾತು ಇರುವ ಭಾಷೆಯಲ್ಲೇ ಇರಬೇಕು ಎಂದು 2022ರ ಮಾರ್ಗಸೂಚಿ ಹೇಳುತ್ತದೆ. ಮೇಲೆ ಕನ್ನಡದಲ್ಲಿ ದೊಡ್ಡ ಭರವಸೆ, ಅಡಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರದ ಷರತ್ತು ಎಂಬ ಅಭ್ಯಾಸ ಅಲ್ಲಿಗೆ ಸಲ್ಲದು.

ಅಕ್ಟೋಬರ್‌ನಲ್ಲಿ ಆ ಮನೆಗೆ ಮತ್ತೆ ಹೋದೆವು. ಮೂಲೆ ಒಣಗಿತ್ತು. ಆದರೆ ಕಿಟಕಿಯ ಕೆಳಗೆ ಅಂಗೈಯಗಲದ ಹೊಸ ಕಲೆ. ಕಂಟ್ರಾಕ್ಟರ್ ಕ್ಷಣ ಸುಮ್ಮನಿದ್ದು, ‘ಅದನ್ನೂ ಸೇರಿಸಿ ತೆಗೀರಿ’ ಎಂದರು. ಮೂರನೇ ಫೋಟೊದ ಕೆಳಗೆ ಬರೆದೆವು: ‘ಒಂದು ಮಳೆಗಾಲದ ನಂತರ. ನಾವು ಕೆಲಸ ಮಾಡಿದ ಮೂಲೆಯಲ್ಲಿ ತೇವವಿಲ್ಲ. ಕಿಟಕಿಯ ಕೆಳಗಿನ ಕಲೆ ಚೌಕಟ್ಟಿನ ಸಂದಿಯಿಂದ ಬಂದದ್ದು. ಆ ಕೆಲಸ ಆಗ ಮಾಡಿರಲಿಲ್ಲ, ಈಗ ಶುರುಮಾಡಿದ್ದೇವೆ.’